ರಕ್ತ ಪರೀಕ್ಷೆ ರಿಪೋರ್ಟಿನ ಫೋಟೋದಿಂದ ಅಂಕಿಗಳನ್ನು ಎತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೇಡಂ, ಸುರಪುರ, ಹುಮನಾಬಾದ್ ಕಡೆಯಿಂದ ದವಾಖಾನಿಗೆ ಬರುವವರ ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇದ್ದೇ ಇರುತ್ತದೆ. ಅದರೊಳಗೆ ಕಲಬುರಗಿಯ ಲ್ಯಾಬಿನ ರಿಪೋರ್ಟೊಂದು, ಹೈದರಾಬಾದಿನದೊಂದು, ಸೊಲ್ಲಾಪುರದ್ದೊಂದು. ಮೂರರ ನಮೂನೆಯೂ ಬೇರೆ, ಅಳತೆಯೂ ಬೇರೆ. ಇವನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದು ಒಂದೇ ಪಟ್ಟಿಗೆ ಇಳಿಸಬೇಕಾದ ಮನೆಯವರು, ಆಶಾ ಕಾರ್ಯಕರ್ತೆಯರು, ಕ್ಲಿನಿಕ್ಕಿನಲ್ಲಿ ಎಂಟ್ರಿ ಮಾಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಎಲ್ಲ ಕಡೆ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ರಿಪೋರ್ಟನ್ನೇ ಇಟ್ಟುಕೊಂಡಿದ್ದೇವೆ. ಎಲ್ಲರ ಫೈಲಿನಲ್ಲೂ ಸಿಗುವುದು ಅದೇ. ಜೊತೆಗೆ ತಪ್ಪು ಓದಿದರೆ ತಾನೇ ಹಿಡಿದುಕೊಡುವ ಗುಣವೂ ಅದಕ್ಕಿದೆ.

ಫೋಟೋನೇ ಬೇಕೇನ್ರಿ? ಬೇರೆ ದಾರಿ ಇಲ್ಲೇನು?

ಇದ್ದರೆ ಮೊದಲು ಅದನ್ನೇ ಹಿಡಿಯಿರಿ. ಕಂಪ್ಯೂಟರಿನಲ್ಲಿ ರಿಪೋರ್ಟು ತಯಾರಿಸುವ ಲ್ಯಾಬಿನವರ ಹತ್ತಿರ ಪಿಡಿಎಫ್ ಇರುತ್ತದೆ. ಕೇಳಿದರೆ ವಾಟ್ಸ್ಆ್ಯಪ್‌ಗೆ ಕಳಿಸುತ್ತಾರೆ. ಎಷ್ಟೋ ರಿಪೋರ್ಟಿನ ಮೂಲೆಯಲ್ಲಿರುವ ಕ್ಯೂಆರ್ ಕೋಡು ಅದೇ ಪಿಡಿಎಫ್ ತೆರೆಯುತ್ತದೆ. ಪಿಡಿಎಫ್ ಒಳಗಿನ ಅಕ್ಷರವನ್ನು ಬೆರಳಿಟ್ಟು ಆಯ್ಕೆ ಮಾಡಲು ಬಂದರೆ ಅದರಲ್ಲಿ ನಿಜವಾದ ಪಠ್ಯವಿದೆ ಎಂದರ್ಥ, ಊಹಿಸುವ ಕೆಲಸವೇ ಇಲ್ಲ. ಕಂಪ್ಯೂಟರಿನಲ್ಲಿ ಇಷ್ಟು ಸಾಕು:

```
pdftotext -layout report.pdf report.txt
```

`-layout` ಬಿಡಬೇಡಿ. ಅದಿಲ್ಲದಿದ್ದರೆ ಕಾಲಂಗಳು ಒಂದರ ಕೆಳಗೊಂದು ಬಂದು, ಯಾವ ಅಂಕಿ ಯಾವ ಪರೀಕ್ಷೆಯದು ಎನ್ನುವುದೇ ತಪ್ಪಿಹೋಗಬಹುದು. ಹೊರಬಂದ ಫೈಲು ಖಾಲಿ ಇದ್ದರೆ ಆ ಪಿಡಿಎಫ್ ಬರೀ ಸ್ಕ್ಯಾನ್ ಮಾಡಿದ ಚಿತ್ರ. ಆಗ ಮುಂದಿನದೆಲ್ಲ ಫೋಟೋದಂತೆಯೇ.

ಒಂದು ಸಾಲಿನಿಂದ ಏನೇನು ಎತ್ತಬೇಕು?

ಪರೀಕ್ಷೆಯ ಹೆಸರು, ಬಂದ ಅಂಕಿ, ಅದರ ಯೂನಿಟ್ಟು, ಲ್ಯಾಬು ಕೊಟ್ಟಿರುವ ಸಾಮಾನ್ಯ ಮಿತಿ. ಈ ನಾಲ್ಕೂ ಒಂದೇ ಸಾಲಿನಿಂದ, ಒಟ್ಟಿಗೇ ಬರಬೇಕು. ಅಂಕಿಯ ಪಕ್ಕದಲ್ಲಿ ಕಡಿಮೆ, ಹೆಚ್ಚು ಎಂಬ ಗುರುತಿದ್ದರೆ ಅದಕ್ಕೆ ಬೇರೆಯೇ ಕಾಲಂ ಮಾಡಿ, ಅಂಕಿಗೆ ಅಂಟಿಸಬೇಡಿ.

ಇದರ ಮೇಲೆ ಒಂದು ಮಾತು ನೆನಪಿಡಿ: ಅಂಕಿಯನ್ನು ಎರಡು ಸಲ ಇಡಿ. ಒಂದು ಕಾಲಂನಲ್ಲಿ ಮುದ್ರಣದಲ್ಲಿ ಹೇಗಿದೆಯೋ ಹಾಗೇ, ಇನ್ನೊಂದರಲ್ಲಿ ಲೆಕ್ಕಕ್ಕೆ ಬರುವ ಸಂಖ್ಯೆಯಾಗಿ. ಮುಂದೆ ಸಂಶಯ ಬಂದಾಗ ತಪ್ಪು ಓದುವಾಗ ಆಯಿತೋ, ಬದಲಾಯಿಸುವಾಗ ಆಯಿತೋ ಎಂದು ತಿಳಿಯುವುದು ಇದರಿಂದಲೇ.

ತಾರೀಕಿನಲ್ಲೂ ಎಡವಟ್ಟಾಗುತ್ತದೆ. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಎರಡು ಮೂರು ತಾರೀಕುಗಳಿರುತ್ತವೆ: ರಕ್ತ ತೆಗೆದದ್ದು, ರಿಪೋರ್ಟು ಆದದ್ದು, ಪ್ರಿಂಟು ಹಾಕಿದ್ದು. ಪಟ್ಟಿಗೆ ಬೇಕಾದದ್ದು ರಕ್ತ ತೆಗೆದ ತಾರೀಕು. ಹಳೆಯ ರಿಪೋರ್ಟನ್ನು ಮತ್ತೆ ಪ್ರಿಂಟು ಹಾಕಿಸಿದ್ದರೆ ಕೊನೆಯ ತಾರೀಕು ತಿಂಗಳುಗಟ್ಟಲೆ ಆಚೆಗಿರಬಹುದು.

ಫೋಟೋ ಹ್ಯಾಂಗ ತಗೀಬೇಕ್ರಿ?

ಹಾಳೆಯನ್ನು ಕೈಯಲ್ಲಿ ಹಿಡಿಯಬೇಡಿ. ಚಪ್ಪಟೆ ಮೇಜಿನ ಮೇಲೋ ನೆಲದ ಮೇಲೋ ಇಡಿ. ಪಡಸಾಲೆಯ ನೆರಳಿನಲ್ಲಿ ಹಗಲು ಬೆಳಕು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಬಗ್ಗಿದರೆ ನಿಮ್ಮ ತಲೆಯ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಲ್ಯಾಮಿನೇಷನ್ ಮಾಡಿದ್ದಾದರೆ ಬೆಳಕು ಪಕ್ಕದಿಂದ ಬರಲಿ, ಇಲ್ಲವಾದರೆ ನಡುವಿನ ನಾಲ್ಕು ಸಾಲು ಬಿಳಿಯ ಹೊಳಪಿನಲ್ಲಿ ಮುಳುಗಿಹೋಗುತ್ತವೆ.

ಮೊಬೈಲನ್ನು ಹಾಳೆಗೆ ಸಮಾಂತರವಾಗಿ, ನಡುಭಾಗದ ನೇರ ಮೇಲೆ ಹಿಡಿಯಿರಿ. ಅಕ್ಷರ ತೀರಾ ಸಣ್ಣದಿದ್ದರೆ ಇಡೀ ಹಾಳೆಯನ್ನು ಒಂದೇ ಫೋಟೋದಲ್ಲಿ ತುರುಕುವುದಕ್ಕಿಂತ ಮೇಲರ್ಧ, ಕೆಳಗರ್ಧ ಎಂದು ಎರಡು ತೆಗೆಯಿರಿ. ಎರಡರಲ್ಲೂ ಒಂದೆರಡು ಸಾಲು ಸಾಮಾನ್ಯವಾಗಿರಲಿ, ಜೋಡಿಸುವಾಗ ಸಾಲು ಬಿಟ್ಟಿಲ್ಲ ಎನ್ನುವುದು ಖಾತ್ರಿಯಾಗುತ್ತದೆ.

ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ನಾಲ್ಕು ಮಡಿಕೆಯಾಗಿ ಬಂದ ಹಾಳೆಯ ಮಡಿಕೆ ಸರಿಯಾಗಿ ನಡುಮಧ್ಯದ ಸಾಲಿನ ಮೇಲೇ ಬಿದ್ದಿರುತ್ತದೆ. ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟು ಆಮೇಲೆ ಫೋಟೋ ತೆಗೆಯಿರಿ.

ಸ್ಕ್ಯಾನರ್ ಆ್ಯಪ್ ಬಳಸುವವರಿಗೆ ಒಂದು ಎಚ್ಚರಿಕೆ. ಕಪ್ಪು ಬಿಳುಪು ಫಿಲ್ಟರ್ ಹಾಕಿದರೆ ಹಾಳೆ ಕಣ್ಣಿಗೆ ಬಲು ಚೊಕ್ಕ ಕಾಣುತ್ತದೆ, ಆದರೆ ಮಸುಕು ಮುದ್ರಣದಲ್ಲಿ ಮೊದಲು ಅಳಿಸಿಹೋಗುವುದು ದಶಾಂಶದ ಚುಕ್ಕಿ. ಫಿಲ್ಟರ್ ಅದನ್ನು ಕೊಳೆ ಎಂದು ತಿಳಿದು ಒರೆಸಿಬಿಡುತ್ತದೆ. ಬಣ್ಣದಲ್ಲೋ ಬೂದು ಛಾಯೆಯಲ್ಲೋ ಇಡಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ನಡೆಯುತ್ತದೆಯೆ?

ಫೋಟೋ ಎಂದೇ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಸಾಧಾರಣ ಗುಣಮಟ್ಟದಲ್ಲಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಇಳಿದು ಬರುವುದು ಮಾಮೂಲು. ಎ4 ಹಾಳೆಯ ಉದ್ದ 11.7 ಇಂಚು. ಅಂದರೆ ಇಂಚಿಗೆ ಸಿಗುವುದು 137 ಪಿಕ್ಸೆಲ್ಲು ಮಾತ್ರ. 9 ಪಾಯಿಂಟ್ ಅಕ್ಷರದ ದಶಾಂಶ ಚುಕ್ಕಿಗೆ ಇಲ್ಲಿ ಎರಡು ಪಿಕ್ಸೆಲ್ಲೂ ಪೂರ್ತಿ ದಕ್ಕುವುದಿಲ್ಲ. ಇಂಚಿಗೆ 300 ಪಿಕ್ಸೆಲ್ ಇದ್ದರೆ ಅದೇ ಚುಕ್ಕಿಗೆ ನಾಲ್ಕರ ಹತ್ತಿರ ಸಿಗುತ್ತದೆ, ಓದುವ ತಂತ್ರಾಂಶಕ್ಕೆ ಅಷ್ಟು ಸಾಕು. ಕಳಿಸುವವರಿಗೆ ಫೋಟೋ ಬದಲು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಲು ಹೇಳಿ, ಆಗ ಮೂಲ ಫೈಲು ಹಾಗೇ ಬರುತ್ತದೆ. ಬಂದ ಫೋಟೋವನ್ನು ನೀವು ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ. ಹೋದ ಚುಕ್ಕಿ ಹೋದದ್ದೇ.

ಮಷೀನಿನಿಂದ ಬರುವ ನುಣುಪು ಕಾಗದದ ಸಣ್ಣ ಚೀಟಿಗೆ ಏನು ಮಾಡಬೇಕು?

ಅದು ಥರ್ಮಲ್ ಕಾಗದ, ಬಸ್ ಟಿಕೆಟ್ಟಿನ ಜಾತಿ. ಶಾಖ ತಗಲಿದ ಕಡೆ ಕಪ್ಪಾಗುವುದೇ ಅದರ ಮುದ್ರಣ. ಆದ್ದರಿಂದ ಇಸ್ತ್ರಿ ಹಾಕಿ ಮಡಿಕೆ ಬಿಡಿಸಲು ಹೋಗಬೇಡಿ, ಬಿಸಿ ಲ್ಯಾಮಿನೇಷನ್ನೂ ಮಾಡಿಸಬೇಡಿ, ಚೀಟಿಯೆಲ್ಲ ಕಪ್ಪಾಗುತ್ತದೆ. ನಮ್ಮ ಕಡೆಯ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಗಾಡಿಯ ಮುಂದಿನ ಹಲಗೆಯ ಮೇಲೆ ಇಟ್ಟರೂ ಅದೇ ಗತಿ. ಸುಮ್ಮನೆ ಇಟ್ಟರೆ ತಿಂಗಳುಗಳಲ್ಲಿ ಮಸುಕಾಗುತ್ತದೆ. ಕೈಗೆ ಬಂದ ದಿನವೇ ಫೋಟೋ ತೆಗೆದುಬಿಡಿ.

ಹೆಸರೆಲ್ಲ ಒಂದು ಕಡೆ, ಅಂಕಿಯೆಲ್ಲ ಒಂದು ಕಡೆ ಬರಾಕತ್ಯಾವ. ಯಾಕ?

ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಓದಿಕೊಡುವ ತಂತ್ರಾಂಶ, ಹಾಳೆಯನ್ನು ಪತ್ರಿಕೆಯ ಪುಟದಂತೆ ಕಾಲಂಗಳಾಗಿ ಸೀಳಿ ಓದಿರುತ್ತದೆ. ಉಚಿತವಾಗಿ ಸಿಗುವ ಟೆಸರಾಕ್ಟ್ ಕೂಡ ಹೇಳದಿದ್ದರೆ ಪುಟದ ವಿನ್ಯಾಸವನ್ನು ತಾನೇ ಊಹಿಸುತ್ತದೆ. ಪಟ್ಟಿಯಲ್ಲಿ ಹೆಸರಿಗೂ ಅಂಕಿಗೂ ನಡುವೆ ಅಗಲ ಖಾಲಿ ಜಾಗವಿರುವುದರಿಂದ ಅದು ಎರಡು ಬೇರೆ ಕಾಲಂ ಎಂದು ಭಾವಿಸುತ್ತದೆ. ಹೀಗಾಗದಿರಲು ಪಟ್ಟಿಯ ಭಾಗವನ್ನಷ್ಟೇ ಕತ್ತರಿಸಿಕೊಂಡು, ಇದನ್ನು ಒಂದೇ ತುಂಡಾಗಿ ಓದು ಎಂದು ಹೇಳಬೇಕು:

```
tesseract cbc.png cbc --psm 6 -l eng tsv
```

`--psm 6` ಎಂದರೆ ಒಂದೇ ಸಮನಾದ ತುಂಡು ಎಂದರ್ಥ. ಕೊನೆಯ `tsv` ಹಾಕಿದರೆ ಪ್ರತಿ ಪದದ ಜೊತೆ ಅದು ಹಾಳೆಯ ಎಲ್ಲಿದೆ ಎನ್ನುವುದೂ `left`, `top`, `width`, `height` ಎಂಬ ಕಾಲಂಗಳಲ್ಲಿ ಬರುತ್ತದೆ. ಒಂದೇ ಎತ್ತರದಲ್ಲಿರುವ ಪದಗಳನ್ನು ಒಂದು ಸಾಲಿಗೆ ಸೇರಿಸಿ, ಎಡದಿಂದ ಬಲಕ್ಕೆ ಜೋಡಿಸಿದರೆ ಮೂಲ ಸಾಲು ಸಿಗುತ್ತದೆ.

ಆದರೆ ಹಾಳೆ ವಾರೆಯಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಇಂಚಿಗೆ 300 ಪಿಕ್ಸೆಲ್ ಇರುವ ಎ4 ಹಾಳೆಯ ಅಗಲ 2480 ಪಿಕ್ಸೆಲ್. ಅದು ಬರೀ 1 ಡಿಗ್ರಿ ವಾಲಿದರೂ ಎಡತುದಿಗೂ ಬಲತುದಿಗೂ 43 ಪಿಕ್ಸೆಲ್ ಏರುಪೇರಾಗುತ್ತದೆ. ಸಾಲಿನಿಂದ ಸಾಲಿಗೆ ಇರುವ ಅಂತರವೇ ಸುಮಾರು 50. ಹಾಗಾಗಿ ಹಿಮೋಗ್ಲೋಬಿನ್ನಿನ ಅಂಕಿಗೆ ಕೆಳಗಿನ ಬಿಳಿ ರಕ್ತಕಣದ ಮಿತಿ ಬಂದು ಅಂಟಿಕೊಳ್ಳುತ್ತದೆ. ಓದಿಸುವ ಮೊದಲು ಮೊಬೈಲಿನ ಎಡಿಟ್‌ನಲ್ಲೇ ತಿರುಗಿಸಿ, ಪಟ್ಟಿಯ ಅಡ್ಡಗೆರೆ ಚಿತ್ರದ ಅಂಚಿಗೆ ಸಮವಾಗುವಂತೆ ಮಾಡಿ.

ಹಾಳೆಯ ತಲೆಯಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ಯಾವುದೇ ಇರಲಿ, ಅದನ್ನು ಕತ್ತರಿಸಿ ಬಿಡಿ. ಕನ್ನಡವೂ ಇದೆಯಲ್ಲ ಎಂದು `eng+kan` ಹಾಕಿದರೆ ಇಂಗ್ಲಿಷಿನ ಸೊನ್ನೆಯ ಜಾಗದಲ್ಲಿ ಕನ್ನಡದ ೦ ಬಂದು ಕೂರುವ ಅಪಾಯವಿದೆ. ಕಣ್ಣಿಗೆ ಎರಡೂ ಒಂದೇ, ಲೆಕ್ಕಕ್ಕೆ ಬೇರೆ.

ಓದಿದ್ದು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಒಂದು ರಿಪೋರ್ಟು ಇಟ್ಟು ತೋರಿಸಿ.

ಇಡೀ ಕೆಲಸದ ಜೀವ ಇರುವುದು ಇಲ್ಲೇ. ತಪ್ಪಾಗಿ ಓದಿದ ಪದವಾದರೆ ಕಣ್ಣಿಗೆ ಕುಕ್ಕುತ್ತದೆ. ತಪ್ಪಾಗಿ ಓದಿದ ಅಂಕಿ ಹಾಗಲ್ಲ, ಸರಿಯಾದದ್ದರಷ್ಟೇ ಸೊಗಸಾಗಿ ಕಾಣುತ್ತದೆ. ವಯಸ್ಕ ಮಹಿಳೆಯೊಬ್ಬರ ಸಿಬಿಸಿ ಫೋಟೋದಿಂದ ಹೀಗೆ ಬಂದಿದೆ ಎಂದುಕೊಳ್ಳಿ:

```
Haemoglobin      19.8  g/dL          12.0-15.0
Total WBC Count  7800  cells/cumm    4000-10000
Neutrophils      62    %             40-80
Lymphocytes      30    %             20-40
Eosinophils      04    %             1-6
Monocytes        O4    %             2-10
RBC Count        410   million/cumm  3.8-4.8
PCV              37.2  %             36-46
MCV              76.1  fl            83-101
MCH              23.9  pg            27-32
MCHC             31.4  g/dL          315-34.5
Platelet Count   2.45  lakhs/cumm    1.5-4.1
```

ಮೊದಲು ಸಾಲು ಎಣಿಸಿ. ಇಲ್ಲಿ 12 ಇವೆ, ಫೋಟೋದಲ್ಲಿ 13. ಮಾನೋಸೈಟಿನ ಕೆಳಗಿದ್ದ ಬೇಸೋಫಿಲ್ ಸಾಲು ಬಿಟ್ಟುಹೋಗಿದೆ. ಐದು ಬಗೆಯ ಬಿಳಿ ಕಣಗಳ ಶೇಕಡಾ ಕೂಡಿದರೆ 100 ಆಗಬೇಕು ಎಂಬ ಪರೀಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ, ಏಕೆಂದರೆ ಬೇಸೋಫಿಲ್ 00 ಇತ್ತು. 62, 30, 4, 4 ಕೂಡಿದರೂ 100 ಆಗಿಬಿಡುತ್ತದೆ. ಅದಕ್ಕೇ ಎಣಿಕೆ ಬೇಕು.

ಆಮೇಲೆ ಅಂಕಿಯ ಕಾಲಂನಲ್ಲಿ ಅಕ್ಷರ ನುಸುಳಿದೆಯೇ ನೋಡಿ. ಮಾನೋಸೈಟಿನಲ್ಲಿ ಸೊನ್ನೆಯ ಬದಲು ಇಂಗ್ಲಿಷ್ ಅಕ್ಷರ ಕುಳಿತಿದೆ. ಮಿತಿಯ ಕಾಲಂನಲ್ಲಿ ಕೆಳಗಿನದು ಮೇಲಿನದಕ್ಕಿಂತ ಚಿಕ್ಕದಿರಲೇಬೇಕು. ಎಂಸಿಎಚ್‌ಸಿ ಸಾಲಿನಲ್ಲಿ 315 ರಿಂದ 34.5 ಎಂದಿದೆ, ಅಂದರೆ 31.5 ರ ಚುಕ್ಕಿ ಹೋಗಿದೆ. ಕೆಂಪು ರಕ್ತಕಣ 410, ಮಿತಿ 3.8 ರಿಂದ 4.8. ಸರಿಯಾಗಿ ನೂರು ಪಟ್ಟು ಆಚೆಗಿದೆ ಎಂದರೆ ಅದು ರೋಗವಲ್ಲ, ಚುಕ್ಕಿ. ಫೋಟೋ ದೊಡ್ಡದು ಮಾಡಿ ನೋಡಿದರೆ 4.10 ಇದೆ.

ಹಿಮೋಗ್ಲೋಬಿನ್ 19.8 ಎನ್ನುವುದು ಮಿತಿಯ ಹೊರಗಿದೆ, ಆದರೆ ಅಸಾಧ್ಯವೆಂದು ಹೇಳಲಾಗದು. ಹಾಗಾಗಿ ಅಂದಾಜಿನ ಮೇಲೆ ತಿದ್ದಬೇಡಿ, ಫೋಟೋಕ್ಕೇ ಹೋಗಿ. ಅಲ್ಲಿ ಇರುವುದು 9.8, ಅದರ ಎಡಕ್ಕೆ ಕಡಿಮೆ ಎಂದು ಸೂಚಿಸುವ `L` ಗುರುತು. ಓಸಿಆರ್ ಆ ಗುರುತನ್ನು 1 ಎಂದು ಓದಿ ಅಂಕಿಗೆ ಅಂಟಿಸಿದೆ. ರಕ್ತ ಕಡಿಮೆ ಇದ್ದವರಿಗೇ ಈ ಗುರುತು ಬೀಳುವುದರಿಂದ, ತಪ್ಪು ಆಗುವುದೂ ಅವರ ರಿಪೋರ್ಟಿನಲ್ಲೇ. ಅಂಥವರ ಅಂಕಿಯೇ ಏರಿ ಕುಳಿತಿರುತ್ತದೆ.

ಇಷ್ಟಾದ ಮೇಲೆ ಪಟ್ಟಿ ಸ್ವಚ್ಛ ಕಾಣುತ್ತದೆ. ಇನ್ನೂ ಒಂದು ತಪ್ಪು ಒಳಗಿದೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಹುಡುಕುವ ದಾರಿ ಹೀಗಿದೆ. ಹಿಮೋಗ್ಲೋಬಿನ್, ಕೆಂಪು ಕಣದ ಎಣಿಕೆ, ಪಿಸಿವಿ ಈ ಮೂರಕ್ಕೂ ಕೆಳಗಿನ ಎಂಸಿವಿ, ಎಂಸಿಎಚ್, ಎಂಸಿಎಚ್‌ಸಿಗೂ ಗಣಿತದ ನಂಟಿದೆ:

```
MCV  = PCV / RBC * 10
MCH  = Hb  / RBC * 10
MCHC = Hb  / PCV * 100
```

ಇವು ಬೇರೆ ಬೇರೆ ಪರೀಕ್ಷೆಗಳಲ್ಲ. ಸಾಮಾನ್ಯ ಸೆಲ್ ಕೌಂಟರ್ ಮಷೀನು ಕಣದ ಎಣಿಕೆ ಮತ್ತು ಗಾತ್ರವನ್ನು ಅಳೆದು, ಪಿಸಿವಿಯನ್ನು ಅವುಗಳಿಂದಲೇ ಗುಣಿಸಿ ಕೊಡುತ್ತದೆ. ಆದ್ದರಿಂದ ಮಷೀನಿನ ರಿಪೋರ್ಟಿನಲ್ಲಿ ಈ ಲೆಕ್ಕ ಹೊಂದಲೇಬೇಕು.

ಈಗ ಹಾಕಿ ನೋಡಿ. 9.8 ನ್ನು 4.10 ರಿಂದ ಭಾಗಿಸಿ 10 ರಿಂದ ಗುಣಿಸಿದರೆ 23.9. ಎಂಸಿಎಚ್ ಸಾಲಿನಲ್ಲೂ 23.9. ಆದ್ದರಿಂದ ಹಿಮೋಗ್ಲೋಬಿನ್, ಕೆಂಪು ಕಣ ಎರಡೂ ಸರಿ. ಮುಂದೆ, 37.2 ನ್ನು 4.10 ರಿಂದ ಭಾಗಿಸಿ 10 ರಿಂದ ಗುಣಿಸಿದರೆ 90.7 ಬರುತ್ತದೆ, ಆದರೆ ಎಂಸಿವಿ 76.1 ಎಂದಿದೆ. 9.8 ನ್ನು 37.2 ರಿಂದ ಭಾಗಿಸಿ 100 ರಿಂದ ಗುಣಿಸಿದರೆ 26.3, ರಿಪೋರ್ಟಿನಲ್ಲಿ 31.4. ಹೊಂದದ ಎರಡು ಲೆಕ್ಕಗಳಲ್ಲೂ ಇರುವುದು, ಹೊಂದಿದ ಲೆಕ್ಕದಲ್ಲಿ ಇಲ್ಲದ್ದು ಒಂದೇ: ಪಿಸಿವಿ. ಹಿಂದಿನಿಂದ ಲೆಕ್ಕ ಹಾಕಿ, 76.1 ಗುಣಿಸು 4.10 ಭಾಗಿಸು 10. ಉತ್ತರ 31.2. ಫೋಟೋದಲ್ಲಿ ಹುಡುಕಿದರೆ ಅದೇ ಇದೆ, 1 ನ್ನು 7 ಎಂದು ಓದಿದೆ.

37.2 ಯಾಕೆ ಕೆಟ್ಟದ್ದೆಂದರೆ, ಅದು 36 ರಿಂದ 46 ರ ಮಿತಿಯೊಳಗೆ ಬಂದು ಕೂರುತ್ತದೆ. ಚುಕ್ಕಿಯೂ ಇದೆ, ಯೂನಿಟ್ಟೂ ಸರಿ. ಓಸಿಆರ್ ತಾನು ಎಷ್ಟು ನಂಬಿಕೆಯಿಂದ ಓದಿದೆ ಎಂದು ಹೇಳುವ `conf` ಅಂಕಿಯೂ ಹೆಚ್ಚೇ ಇರಬಹುದು. ಮಿತಿಯ ಹೊರಗಿನದನ್ನು ಮಾತ್ರ ಮರುಪರಿಶೀಲಿಸುವ ರೂಢಿ ಇದ್ದರೆ ಇದು ಎಂದಿಗೂ ಸಿಗುವುದಿಲ್ಲ.

ಪ್ರತಿಸಲ ಕೈಯಿಂದ ಲೆಕ್ಕ ಹಾಕಬೇಕೇನ್ರಿ?

ಬೇಡ. ಎಕ್ಸೆಲ್‌ನಲ್ಲಿ ಬೇಸೋಫಿಲ್ ಸೇರಿಸಿ ಮೇಲಿನ 13 ಸಾಲನ್ನು ತಲೆಸಾಲಿನ ಕೆಳಗೆ ಅದೇ ಕ್ರಮದಲ್ಲಿ ಇಟ್ಟು, ಅಂಕಿಯನ್ನು ಎರಡನೇ ಕಾಲಂನಲ್ಲಿ ಸಂಖ್ಯೆಯಾಗಿ ಹಾಕಿದರೆ ಈ ಮೂರು ಸೂತ್ರ ಸಾಕು:

```
=ABS(B10/B9*10-B11)
=ABS(B2/B9*10-B12)
=ABS(B2/B10*100-B13)
```

ಉತ್ತರ 0.5 ರ ಒಳಗಿದ್ದರೆ ಸರಿ. ಪೂರ್ಣ ಸೊನ್ನೆ ಬಾರದಿರುವುದು ದಶಾಂಶವನ್ನು ಮೊಟಕು ಮಾಡಿ ಮುದ್ರಿಸುವುದರಿಂದ. ಕೆಂಪು ಕಣವನ್ನು 4.10 ಎಂದು ಕೊಡದೆ 4.1 ಎಂದು ಒಂದೇ ದಶಾಂಶಕ್ಕೆ ಕೊಡುವ ಲ್ಯಾಬಿನ ರಿಪೋರ್ಟಿಗೆ 1.5 ರವರೆಗೂ ಬಿಡಿ. ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ವ್ಯತ್ಯಾಸ ಸಾಮಾನ್ಯವಾಗಿ ಇದಕ್ಕಿಂತ ಬಹಳ ದೊಡ್ಡದಿರುತ್ತದೆ. ದಶಾಂಶದ ಕೊನೆಯ ಅಂಕಿ ಒಂದೆರಡು ಆಚೀಚೆ ಆದದ್ದು ಮಾತ್ರ ಈ ಜರಡಿಯಿಂದ ಜಾರಿಹೋಗುತ್ತದೆ.

ಫೋಟೋದಲ್ಲಿ ಸ್ಪಷ್ಟವಾಗಿ ಹಾಗೇ ಇದೆ, ಆದರೂ ಲೆಕ್ಕ ಕೂಡದು. ತಿದ್ದಲೇ?

ತಿದ್ದಬೇಡಿ. ಲ್ಯಾಬಿನಲ್ಲಿ ಮಷೀನಿನ ಚೀಟಿ ನೋಡಿಕೊಂಡು ಕೈಯಿಂದ ಟೈಪ್ ಮಾಡುವಾಗಲೇ ತಪ್ಪಾಗಿರಬಹುದು. ಪಿಸಿವಿಯನ್ನು ಹಿಮೋಗ್ಲೋಬಿನ್ನಿನ ಮೂರು ಪಟ್ಟು ಎಂದು ಅಂದಾಜಿನಿಂದ ಬರೆದಿರುವುದೂ ಉಂಟು. ನಿಮ್ಮ ಕೆಲಸ ಹಾಳೆಯಲ್ಲಿರುವುದನ್ನು ಎತ್ತುವುದು. ಇದ್ದಂತೆ ಬರೆದು, ಪಕ್ಕದಲ್ಲಿ ಲೆಕ್ಕ ಹೊಂದುತ್ತಿಲ್ಲ ಎಂದು ಗುರುತು ಹಾಕಿ, ಆ ಸಾಲನ್ನು ತೋರಿಸಿ ಲ್ಯಾಬಿನವರನ್ನೇ ಕೇಳಿ. ಅವರ ಮಷೀನಿನಲ್ಲಿ ಹಳೆಯ ದಾಖಲೆ ಇದ್ದರೆ ತೆಗೆದು ನೋಡಿ ಹೇಳುತ್ತಾರೆ.

ಈ ಲೆಕ್ಕಕ್ಕೆ ಸಿಗದ ಅಂಕಿ ಯಾವುವು?

ಮುಖ್ಯವಾಗಿ ಎರಡು. ಒಟ್ಟು ಬಿಳಿ ಕಣಕ್ಕೆ ಸಾಕ್ಷಿ ಸಿಗುವುದು ರಿಪೋರ್ಟಿನಲ್ಲಿ ಆಬ್ಸಲ್ಯೂಟ್ ಕೌಂಟ್ ಕೊಟ್ಟಿದ್ದರೆ ಮಾತ್ರ: 7800 ರಲ್ಲಿ ಶೇಕಡಾ 62 ಅಂದರೆ 4836. ಆಬ್ಸಲ್ಯೂಟ್ ನ್ಯೂಟ್ರೋಫಿಲ್ ಸಾಲಿನಲ್ಲಿ ಅದರ ಆಸುಪಾಸಿನ ಅಂಕಿ ಇರಬೇಕು. ಅಂದಹಾಗೆ, ಇಂಥ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಎರಡು ಸಲ ಬರುತ್ತದೆ, ಒಮ್ಮೆ ಶೇಕಡಾ, ಒಮ್ಮೆ ಎಣಿಕೆ. ಹೆಸರಿನ ಜೊತೆ ಯೂನಿಟ್ಟನ್ನೂ ನೋಡದೆ ಜೋಡಿಸಿದರೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ.

ಪ್ಲೇಟ್ಲೆಟ್ಟಿಗೆ ಸಾಕ್ಷಿಯೇ ಇಲ್ಲ. ಡೆಂಗಿ ಕಾಲದಲ್ಲಿ ಎಲ್ಲರೂ ಮೊದಲು ಕೇಳುವುದೇ ಅದು, ಯೂನಿಟ್ಟಿನ ಗೊಂದಲ ಹೆಚ್ಚು ಇರುವುದೂ ಅಲ್ಲೇ. ಒಬ್ಬರ ರಿಪೋರ್ಟಿನಲ್ಲಿ 2.45 ಲಕ್ಷ, ಇನ್ನೊಬ್ಬರದರಲ್ಲಿ 245 ಸಾವಿರ, ಮತ್ತೊಬ್ಬರದರಲ್ಲಿ 2,45,000. ಮೂರೂ ಒಂದೇ. ಲಕ್ಷದಲ್ಲಿದ್ದದ್ದನ್ನು 100 ರಿಂದ ಗುಣಿಸಿದರೆ ಸಾವಿರದ ಲೆಕ್ಕ ಬರುತ್ತದೆ. ಈಗ 1.20 ಲಕ್ಷದ ಚುಕ್ಕಿ ಹೋಗಿ 120 ಆಯಿತೆನ್ನಿ. ಸಾವಿರದ ಯೂನಿಟ್ಟಿನಲ್ಲಿ ಅದು ಸರಿಯಾದ ಅಂಕಿಯೇ! ಯೂನಿಟ್ಟಿನ ಕಾಲಂ ಲಕ್ಷ ಎನ್ನುತ್ತಿದೆಯೇ, ಸಾವಿರ ಎನ್ನುತ್ತಿದೆಯೇ ಎಂದು ಅದೇ ಸಾಲಿನಲ್ಲಿ ನೋಡಿದರಷ್ಟೇ ತಿಳಿದೀತು. 045 ಎಂದು ಮುಂದೆ ಸೊನ್ನೆ ಇದ್ದು ಚುಕ್ಕಿ ಇಲ್ಲದಿದ್ದರೆ ಅದು 0.45 ಲಕ್ಷ ಇದ್ದಿರಬಹುದು, ಅಂದರೆ 45 ಸಾವಿರ. ಪ್ಲೇಟ್ಲೆಟ್ ಸಾಲನ್ನು ಪ್ರತಿ ಸಲವೂ ಫೋಟೋದಲ್ಲಿ ಕಣ್ಣಿಟ್ಟು ಓದಿ. ತಂತ್ರಾಂಶ ಎಷ್ಟೇ ಒಳ್ಳೆಯದಿರಲಿ, ಇದಕ್ಕೆ ರಿಯಾಯಿತಿ ಬೇಡ.

ಯೂನಿಟ್ಟುಗಳು ಯಾಕೆ ಇಷ್ಟು ವಿಚಿತ್ರವಾಗಿ ಬರುತ್ತವೆ?

ಘಾತದ ಸಣ್ಣ ಅಂಕಿ ಕೆಳಗಿಳಿದು `10^3/µL` ಎನ್ನುವುದು `103/uL` ಆಗುತ್ತದೆ. ಅದನ್ನು ನೂರಾ ಮೂರು ಎಂದುಕೊಳ್ಳಬೇಡಿ. ಎಂಸಿವಿಯ ಯೂನಿಟ್ಟು `fl`, `f1`, `FL` ಎಂದೆಲ್ಲ ಬರುತ್ತದೆ, ಇರಬೇಕಾದದ್ದು `fL`. ಹಳೆಯ ನಮೂನೆಗಳ `gm%` ಮತ್ತು `g/dL` ಎರಡೂ ಒಂದೇ, ಹಾಗೆಯೇ `cumm` ಮತ್ತು `µL` ಒಂದೇ. ಸೌದಿ, ದುಬೈ ಕಡೆ ದುಡಿಯುವವರು ತಂದ ರಿಪೋರ್ಟಿನಲ್ಲಿ ಮಾತ್ರ ನಿಜವಾದ ವ್ಯತ್ಯಾಸ ಸಿಗಬಹುದು. ಹಿಮೋಗ್ಲೋಬಿನ್ 98 ಎಂದು ಕಂಡು ಗಾಬರಿಯಾಗಬೇಡಿ, ಯೂನಿಟ್ಟು `g/L` ಇದ್ದರೆ ಅದು ನಮ್ಮ 9.8. ಸಕ್ಕರೆ `mmol/L` ನಲ್ಲಿದ್ದರೆ 18 ರಿಂದ ಗುಣಿಸಬೇಕು. ಆದರೆ ಆ 18 ಸಕ್ಕರೆಗಷ್ಟೇ, ಕೊಲೆಸ್ಟೆರಾಲಿಗೆ ಬೇರೆ.

ಸಾಮಾನ್ಯ ಮಿತಿಯನ್ನು ಎಕ್ಸೆಲ್‌ಗೆ ಹಾಕಿದರೆ ತಾರೀಕು ಆಗ್ತದ. ಏನ್ ಮಾಡ್ಲಿ?

ಮಾನೋಸೈಟಿನ ಮಿತಿ `2-10` ಎಂದು ಹಾಕಿದಿರಿ, ಎಕ್ಸೆಲ್ ಅದನ್ನು ಅಕ್ಟೋಬರ್ 2 ಮಾಡಿತು. ಗಾಂಧಿ ಜಯಂತಿಗೂ ಮಾನೋಸೈಟಿಗೂ ಏನು ಸಂಬಂಧವೋ! ಈಸಿನೋಫಿಲ್ಲಿನ `1-6` ಜೂನ್ 1 ಆಗುತ್ತದೆ. ಒಮ್ಮೆ ಹೀಗಾದ ಮೇಲೆ ಫಾರ್ಮ್ಯಾಟ್ ಬದಲಿಸಿದರೂ ಮೂಲ ಬರಹ ಮರಳುವುದಿಲ್ಲ, ಐದಂಕಿಯ ಸಂಖ್ಯೆಯೊಂದು ಬರುತ್ತದೆ. ಅಂಟಿಸುವ ಮೊದಲೇ ಆ ಕಾಲಂ ಆರಿಸಿ ಫಾರ್ಮ್ಯಾಟನ್ನು ಟೆಕ್ಸ್ಟ್ ಮಾಡಿ. ಕೆಳಮಿತಿ, ಮೇಲ್ಮಿತಿಗಳನ್ನು ಪಕ್ಕದ ಎರಡು ಕಾಲಂಗಳಲ್ಲಿ ಸಂಖ್ಯೆಯಾಗಿ ಬೇರೆ ಇಡಿ.

ಗಂಡಸರು, ಹೆಂಗಸರು ಎಂದು ಎರಡು ಮಿತಿ ಮುದ್ರಿಸಿದ್ದರೆ ಎರಡನ್ನೂ ಇದ್ದಂತೆ ಎತ್ತಿಕೊಂಡು, ಸಂಖ್ಯೆಯ ಕಾಲಂಗೆ ರೋಗಿಗೆ ಅನ್ವಯಿಸುವುದನ್ನು ಮಾತ್ರ ಹಾಕಿ. ಮಿತಿ ಓದಲು ಬಾರದಿದ್ದರೆ ಖಾಲಿ ಬಿಡಿ. ಬೇರೆ ಲ್ಯಾಬಿನ ರಿಪೋರ್ಟಿನಿಂದಲೋ ಇಂಟರ್ನೆಟ್ಟಿನಿಂದಲೋ ತಂದು ತುಂಬಬೇಡಿ. ಮಿತಿ ಎನ್ನುವುದು ಆ ಲ್ಯಾಬಿನ ವಿಧಾನಕ್ಕೆ ಅಂಟಿಕೊಂಡದ್ದು.

ಒಂದೇ ಪರೀಕ್ಷೆಗೆ ಲ್ಯಾಬಿಗೊಂದು ಹೆಸರು. ಹೊಂದಿಸುವುದು ಹೇಗೆ?

ಒಂದು ಸಣ್ಣ ಹೆಸರುಪಟ್ಟಿ ಮಾಡಿಟ್ಟುಕೊಳ್ಳಿ: `HGB` ಮತ್ತು `Hb` ಒಂದು, `TLC` ಮತ್ತು `WBC` ಒಂದು, `PCV` ಮತ್ತು `HCT` ಒಂದು. ಮೂರು ಭಾಗದ ಮಷೀನಿನಲ್ಲಿ ಐದು ಬಗೆಯ ಕಣದ ಬದಲು `LYM`, `MID`, `GRAN` ಎಂದು ಮೂರೇ ಬರುತ್ತವೆ. `GRAN` ಅನ್ನು ನ್ಯೂಟ್ರೋಫಿಲ್ ಎಂದು ಬರೆದುಕೊಳ್ಳುವುದು ಸರಿಯಲ್ಲ, ಅದರಲ್ಲಿ ಬೇರೆ ಕಣಗಳೂ ಸೇರಿವೆ. ಇದ್ದ ಹೆಸರಿನಲ್ಲೇ ಇಡಿ.

ಅಂಕಿಯನ್ನು ಪೆನ್ನಿನಿಂದ ಬರೆದಿದ್ದರೆ?

ಓಸಿಆರ್ ಬಿಟ್ಟುಬಿಡಿ. ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ಹೊಡೆಯುವುದೇ ಬೇಗ. ಓದುವಾಗ ಅಂಕಿ ಬಿಡಿಸಿ ಹೇಳಿ: ಮೂರು, ಒಂದು, ಪಾಯಿಂಟ್, ಎರಡು. ನಮ್ಮ ಕಡೆ ಒಂಬತ್ತೂವರೆ, ಸಾಡೇ ನೌ ಎಂದು ಹೇಳುವ ರೂಢಿ ಇದೆ, ಅದು ಇಲ್ಲಿ ಬೇಡ. ಬಾಯಲ್ಲಿ ಒಂಬತ್ತೂವರೆ ಆದದ್ದು ಹಾಳೆಯಲ್ಲಿ 9.4 ಇದ್ದೀತು, 9.6 ಇದ್ದೀತು. 1 ಮತ್ತು 7, 4 ಮತ್ತು 9 ರಲ್ಲಿ ಸಂಶಯ ಬಂದರೆ ಮೇಲಿನ ಮೂರು ಸೂತ್ರ ಇಲ್ಲೂ ನಡೆಯುತ್ತವೆ, ಎಂಸಿವಿ ಮುಂತಾದವನ್ನು ಬರೆದಿದ್ದರೆ.

ಅಂಕಿಯೇ ಅಲ್ಲದ ಫಲಿತಾಂಶಗಳು?

`<0.01`, `Nil`, `Non-Reactive`, `1:80` ಇವೆಲ್ಲ ಮುದ್ರಣದ ಕಾಲಂನಲ್ಲಿ ಹಾಗೇ ಇರಲಿ, ಸಂಖ್ಯೆಯ ಕಾಲಂ ಖಾಲಿ ಇರಲಿ. ಚಿಹ್ನೆ ತೆಗೆದು 0.01 ಎಂದು ಹಾಕಿದರೆ ಅರ್ಥವೇ ಬೇರೆಯಾಗುತ್ತದೆ. `Nil` ಅನ್ನು ಸೊನ್ನೆ ಮಾಡುವುದೂ ಬೇಡ.

ಪಟ್ಟಿ ಮಾಡಿದ ಮೇಲೆ ಫೋಟೋ ಅಳಿಸಬಹುದೇ? ಬೇರೆಯವರಿಗೆ ಕಳಿಸಬಹುದೇ?

ಅಳಿಸಬೇಡಿ. ಪ್ರತಿ ಸಾಲಿನ ಪಕ್ಕ ಅದು ಯಾವ ಫೋಟೋದಿಂದ ಬಂತೆಂದು ಫೈಲಿನ ಹೆಸರು ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಪಟ್ಟಿಯ ಜೊತೆ ಮೂಲ ಹಾಳೆಯೂ ಇರಲಿ, ಅವರು ನಂಬುವುದು ಅದನ್ನೇ.

ಓದಿಸಿಕೊಡಲು ಬೇರೆಯವರಿಗೆ ಕಳಿಸುವುದಾದರೆ ಪಟ್ಟಿಯ ಭಾಗವನ್ನಷ್ಟೇ ಕತ್ತರಿಸಿ ಕಳಿಸಿ. ಹೆಸರು, ಮೊಬೈಲ್ ನಂಬರು, ನೋಂದಣಿ ಸಂಖ್ಯೆ ಮುಚ್ಚುವುದು ಎಲ್ಲರಿಗೂ ಹೊಳೆಯುತ್ತದೆ, ಕ್ಯೂಆರ್ ಕೋಡು ಮರೆತುಹೋಗುತ್ತದೆ. ಎಲ್ಲ ಮುಚ್ಚಿ ಅದೊಂದನ್ನು ಬಿಟ್ಟರೆ, ಸ್ಕ್ಯಾನ್ ಮಾಡಿದವರ ಮೊಬೈಲಿನಲ್ಲಿ ಹೆಸರಿನ ಸಮೇತ ಪೂರ್ತಿ ರಿಪೋರ್ಟೇ ತೆರೆದುಕೊಳ್ಳಬಹುದು. ಮುಚ್ಚುವಾಗಲೂ ಅರೆಪಾರದರ್ಶಕ ಮಾರ್ಕರ್ ಬಳಸಬೇಡಿ, ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಕಾಣುತ್ತದೆ. ಕತ್ತರಿಸುವುದೇ ಪಕ್ಕಾ.